ರಿಪೋರ್ಟ್ ಮಾಡಿದ ಪೋಸ್ಟ್ ಎಲ್ಲಿಗೆ ಹೋಗುತ್ತದೆ?

ಭಾರತದ ಹೆಸರಾಂತ ಮಹಿಳೆಯೊಬ್ಬರನ್ನು ಹೋಲುವ ನಗ್ನ ಚಿತ್ರವೊಂದು ಇನ್‌ಸ್ಟಾಗ್ರಾಮ್‌ನಲ್ಲಿ ಕಾಣಿಸಿಕೊಂಡಿತು. ಅದು ಕ್ಯಾಮೆರಾದಲ್ಲಿ ತೆಗೆದದ್ದಲ್ಲ, ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ್ದು. ಆ ಖಾತೆಯ ತುಂಬ ಭಾರತೀಯ ಹೆಂಗಸರ ಇಂಥವೇ ಚಿತ್ರಗಳಿದ್ದವು. ನೋಡಿದವರೊಬ್ಬರು ಅದನ್ನು ಅಶ್ಲೀಲವೆಂದು ರಿಪೋರ್ಟ್ ಮಾಡಿದರು. 48 ಗಂಟೆ ಕಳೆಯಿತು. ರಿಪೋರ್ಟ್ ತಾನಾಗಿಯೇ ಮುಚ್ಚಿಹೋಯಿತು, ಚಿತ್ರ ಇದ್ದಲ್ಲೇ ಇತ್ತು. ಅವರು ಬಿಡದೆ, ಮತ್ತೊಮ್ಮೆ ನೋಡಿ ಎಂದು ಮೇಲ್ಮನವಿ ಹಾಕಿದರು. ಅದೂ ತಾನಾಗಿಯೇ ಮುಚ್ಚಿಹೋಯಿತು.

ಆ ಎರಡು ಸಲವೂ ಚಿತ್ರ ತಪ್ಪಲ್ಲವೆಂದು ಯಾರೂ ತೀರ್ಮಾನಿಸಿರಲಿಲ್ಲ. ಯಾರೂ ನೋಡಿರಲೇ ಇಲ್ಲ.

ಇಷ್ಟು ವಿವರ ಹೊರಜಗತ್ತಿಗೆ ತಿಳಿದದ್ದು, ಆ ವ್ಯಕ್ತಿ ಅಲ್ಲಿಗೂ ನಿಲ್ಲದೆ ಓವರ್‌ಸೈಟ್ ಬೋರ್ಡ್‌ಗೆ ಹೋದದ್ದರಿಂದ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ಒಡೆತನದ ಮೆಟಾ ಕಂಪನಿಯೇ ಹಣ ತೊಡಗಿಸಿ ಸ್ಥಾಪಿಸಿದ, ಆದರೆ ಕಂಪನಿಯ ತೀರ್ಮಾನಗಳನ್ನು ತಳ್ಳಿಹಾಕುವ ಅಧಿಕಾರವಿರುವ ಮಂಡಳಿ ಅದು. 2020ರ ಅಕ್ಟೋಬರ್‌ನಿಂದ ಕೆಲಸ ಮಾಡುತ್ತಿದೆ. ಮಂಡಳಿ ಈ ಪ್ರಕರಣವನ್ನು ಕೈಗೆತ್ತಿಕೊಂಡ ಮೇಲೆ ಮೆಟಾ ಚಿತ್ರವನ್ನು ಮೊದಲ ಬಾರಿಗೆ ಸರಿಯಾಗಿ ನೋಡಿತು, ಉಳಿಸಿದ್ದು ತಪ್ಪೆಂದು ಒಪ್ಪಿ ತೆಗೆದುಹಾಕಿತು. ಆನಂತರ ಆ ಖಾತೆಯನ್ನೂ ಮುಚ್ಚಿತು. 2024ರ ಜುಲೈನಲ್ಲಿ ಬಂದ ತೀರ್ಪಿನಲ್ಲಿ, ಇಂಥ ಚಿತ್ರಗಳ ಕುರಿತ ದೂರು ಯಾರೂ ನೋಡದೆ ಮುಚ್ಚಿಹೋಗುವ ಪದ್ಧತಿಯ ಬಗ್ಗೆಯೇ ಮಂಡಳಿ ಕಳವಳ ವ್ಯಕ್ತಪಡಿಸಿತು.

ಮೊಬೈಲಿನಲ್ಲಿ ಮೂರು ಚುಕ್ಕಿ ಒತ್ತಿ, ‘ರಿಪೋರ್ಟ್’ ಆರಿಸಿ, ಕಾರಣ ಗುರುತಿಸುವ ಕೆಲಸ ಅರ್ಧ ನಿಮಿಷದ್ದು. ಹೆಚ್ಚಿನವರು ಇದನ್ನು ಒಂದಲ್ಲ ಒಂದು ದಿನ ಮಾಡಿರುತ್ತಾರೆ. ಕೆಲವರಿಗೆ ‘ತೆಗೆದಿದ್ದೇವೆ’ ಎಂಬ ಉತ್ತರ ಬರುತ್ತದೆ, ಹಲವರಿಗೆ ‘ನಮ್ಮ ನಿಯಮ ಮೀರಿಲ್ಲ’ ಎಂಬ ಉತ್ತರ. ಇನ್ನು ಕೆಲವರಿಗೆ ಏನೂ ಬರುವುದಿಲ್ಲ. ರಿಪೋರ್ಟ್ ಮಾಡುವವರ ಮನಸ್ಸಿನಲ್ಲಿ ಇರುವ ಪ್ರಶ್ನೆಗಳು ಎರಡು: ಅದನ್ನು ಯಾರಾದರೂ ನೋಡುತ್ತಾರೆಯೇ? ಮಾಡಿದ್ದು ನಾನೇ ಎಂದು ಆ ಕಡೆಯವರಿಗೆ ಗೊತ್ತಾಗುತ್ತದೆಯೇ?

ಸರದಿಯಲ್ಲಿ ಮುಂದೆ ಯಾರು, ಹಿಂದೆ ಯಾರು

ರಿಪೋರ್ಟ್ ಮಾಡಿದ ಕೂಡಲೇ ಅದು ಮನುಷ್ಯರ ಕೈಗೆ ಹೋಗುವುದಿಲ್ಲ. ಮೊದಲು ತಂತ್ರಾಂಶ ಅದನ್ನು ಪರೀಕ್ಷಿಸುತ್ತದೆ. ಹಿಂದೊಮ್ಮೆ ತೆಗೆದುಹಾಕಿದ ಚಿತ್ರವೋ ವಿಡಿಯೋವೋ ಮತ್ತೆ ಬಂದಿದ್ದರೆ ಗುರುತಿಸುವುದು ಸುಲಭ. ಪ್ರತಿ ಚಿತ್ರದಿಂದಲೂ ಬೆರಳಚ್ಚಿನಂಥ ಒಂದು ಅಂಕಿಸಾಲನ್ನು ತಯಾರಿಸಬಹುದು, ಇದಕ್ಕೆ ಹ್ಯಾಶ್ ಎನ್ನುತ್ತಾರೆ. ನಿಷೇಧಿತ ಚಿತ್ರಗಳ ಹ್ಯಾಶ್‌ಗಳನ್ನು ಕಂಪನಿಗಳು ಒಂದು ಭಂಡಾರದಲ್ಲಿ ಇಟ್ಟುಕೊಂಡಿರುತ್ತವೆ. ಹೊಸದು ಹಳೆಯದಕ್ಕೆ ತಾಳೆಯಾದರೆ ಮನುಷ್ಯರು ನೋಡುವ ಮೊದಲೇ ಹೋಗುತ್ತದೆ.

ಭಾರತದ ಆ ಚಿತ್ರದ ಜೊತೆಗೇ ಮಂಡಳಿ ವಿಚಾರಿಸಿದ ಮತ್ತೊಂದು ಪ್ರಕರಣ ಅಮೆರಿಕದ್ದು. ಅಲ್ಲಿನ ಹೆಸರಾಂತ ಮಹಿಳೆಯೊಬ್ಬರನ್ನು ಹೋಲುವ ನಕಲಿ ನಗ್ನ ಚಿತ್ರ ತಾನಾಗಿಯೇ ತೆಗೆದುಹೋಗಿತ್ತು, ಏಕೆಂದರೆ ಅದರ ಹ್ಯಾಶ್ ಭಂಡಾರದಲ್ಲಿತ್ತು. ಭಾರತದ ಚಿತ್ರದ್ದು ಏಕಿರಲಿಲ್ಲ ಎಂದು ಮಂಡಳಿ ಕೇಳಿದಾಗ ಮೆಟಾ ಕೊಟ್ಟ ಉತ್ತರ ಗಮನಿಸಬೇಕಾದದ್ದು: ಅಮೆರಿಕದ ಚಿತ್ರದ ಬಗ್ಗೆ ಮಾಧ್ಯಮಗಳಲ್ಲಿ ಸುದ್ದಿ ಬಂದಿತ್ತು, ಭಾರತದ್ದರ ಬಗ್ಗೆ ಬಂದಿರಲಿಲ್ಲ. ಇದನ್ನು ಮಂಡಳಿ ಒಪ್ಪಲಿಲ್ಲ. ಇಂಥ ಚಿತ್ರಗಳಿಗೆ ಗುರಿಯಾಗುವ ಹೆಂಗಸರಲ್ಲಿ ಹೆಚ್ಚಿನವರು ಪತ್ರಿಕೆಯಲ್ಲಿ ಹೆಸರು ಬರುವಂಥವರಲ್ಲ. ಅವರು ಯಾರ ಸುದ್ದಿಯೂ ಆಗದೆ ನೋಯುತ್ತಾರೆ ಎಂಬುದು ಮಂಡಳಿಯ ಆಕ್ಷೇಪದ ಸಾರವಾಗಿತ್ತು.

ತಂತ್ರಾಂಶಕ್ಕೆ ಖಚಿತವಾಗದ ಪೋಸ್ಟ್‌ಗಳು ಮನುಷ್ಯರ ಸರದಿಗೆ ಸೇರುತ್ತವೆ. ಮೊದಮೊದಲು ಫೇಸ್‌ಬುಕ್‌ನಲ್ಲಿ ಮೊದಲು ಬಂದ ರಿಪೋರ್ಟ್ ಹೆಚ್ಚುಕಡಿಮೆ ಮೊದಲು ನೋಡಲ್ಪಡುತ್ತಿತ್ತು. 2020ರ ನವೆಂಬರ್‌ನಲ್ಲಿ ಈ ಕ್ರಮ ಬದಲಾದದ್ದನ್ನು ಕಂಪನಿ ತಿಳಿಸಿತು. ಈಗ ಸರದಿಯನ್ನು ಜೋಡಿಸುವುದು ತಂತ್ರಾಂಶ. ಅದು ಅಳೆಯುವುದು ಮೂರು ಅಂಶಗಳನ್ನು: ಪೋಸ್ಟ್ ಎಷ್ಟು ವೇಗವಾಗಿ ಹರಡುತ್ತಿದೆ, ಅದರಿಂದ ಆಗಬಹುದಾದ ಹಾನಿ ಎಷ್ಟು ಗಂಭೀರ, ಅದು ನಿಜಕ್ಕೂ ನಿಯಮ ಮೀರಿರುವ ಸಾಧ್ಯತೆ ಎಷ್ಟು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಎದೆನೋವಿನವರನ್ನು ಒಳಗೆ ಕರೆದೊಯ್ದು ಕಾಲು ಉಳುಕಿದವರನ್ನು ಬೆಂಚಿನಲ್ಲಿ ಕೂರಿಸುವ ಹಾಗೆ. ಆತ್ಮಹತ್ಯೆಯ ಸೂಚನೆ, ಮಕ್ಕಳ ಲೈಂಗಿಕ ಶೋಷಣೆ, ಭಯೋತ್ಪಾದನೆ ಮುಂದಕ್ಕೆ ಬರುತ್ತವೆ. ನಾಲ್ಕು ಜನ ನೋಡಿದ ಬೈಗುಳ ಹಿಂದೆ ಉಳಿಯುತ್ತದೆ. ಹಿಂದೆ ಉಳಿದದ್ದರ ಸರದಿ ಬರುವ ಮೊದಲೇ ಗಡುವು ಮುಗಿದರೆ ಏನಾಗುತ್ತದೆ ಎಂಬುದಕ್ಕೆ ಆ 48 ಗಂಟೆಗಳೇ ಸಾಕ್ಷಿ.

ಇಲ್ಲಿ ರಿಪೋರ್ಟ್ ಮಾಡುವವರು ಆರಿಸುವ ಕಾರಣಕ್ಕೆ ಬೆಲೆ ಬರುತ್ತದೆ. ಪರದೆಯ ಮೇಲೆ ಬರುವ ಪಟ್ಟಿ (ಸ್ಪ್ಯಾಮ್, ನಗ್ನತೆ, ಬೆದರಿಕೆ, ದ್ವೇಷದ ಮಾತು, ಬೇರೆಯವರ ಸೋಗು) ಬರೀ ಔಪಚಾರಿಕವಲ್ಲ. ಯಾವ ನಿಯಮದ ಕನ್ನಡಕದಿಂದ ಪೋಸ್ಟನ್ನು ನೋಡಬೇಕು, ಎಷ್ಟು ತುರ್ತಾಗಿ ನೋಡಬೇಕು ಎಂಬುದಕ್ಕೆ ಅದೇ ಮೊದಲ ಸುಳಿವು. ತಮ್ಮ ಹೆಸರು, ಫೋಟೋ ಬಳಸಿ ನಕಲಿ ಖಾತೆ ತೆರೆದಿರುವುದನ್ನು ಸ್ಪ್ಯಾಮ್ ಎಂದು ರಿಪೋರ್ಟ್ ಮಾಡಿದರೆ, ಅಲ್ಲಿ ಜಾಹೀರಾತು, ಮೋಸದ ಲಿಂಕ್ ಏನೂ ಸಿಗದೆ ‘ನಿಯಮ ಮೀರಿಲ್ಲ’ ಎಂಬ ಉತ್ತರ ಬರಬಹುದು. ಅದೇ ಖಾತೆಯನ್ನು ಸೋಗು ಎಂದು ಗುರುತಿಸಿದರೆ ಅಸಲಿ ವ್ಯಕ್ತಿ ಯಾರು ಎಂಬ ಪ್ರಶ್ನೆ ಬರುತ್ತದೆ, ಪರಿಶೀಲನೆಯ ದಾರಿಯೇ ಬೇರೆ.

ನೂರು ಜನ ಸೇರಿ ರಿಪೋರ್ಟ್ ಮಾಡಿದರೆ ಪೋಸ್ಟ್ ಖಂಡಿತ ಹೋಗುತ್ತದೆ ಎಂಬ ನಂಬಿಕೆ ಊರೂರಲ್ಲೂ ಇದೆ. ಚುನಾವಣೆ ಬಂದಾಗ, ಸಿನಿಮಾ ನಟರ ಅಭಿಮಾನಿಗಳ ನಡುವೆ ಜಗಳವಾದಾಗ ‘ಎಲ್ಲರೂ ರಿಪೋರ್ಟ್ ಮಾಡಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಆದರೆ ಎಷ್ಟು ರಿಪೋರ್ಟ್ ಬಂತೆಂಬುದು ಪೋಸ್ಟಿನ ಭವಿಷ್ಯ ನಿರ್ಧರಿಸುವುದಿಲ್ಲ ಎಂದು ಫೇಸ್‌ಬುಕ್ ಸ್ಪಷ್ಟವಾಗಿ ಹೇಳುತ್ತದೆ. ನಿಯಮ ಮೀರಿದ್ದರೆ ಒಂದೇ ರಿಪೋರ್ಟ್ ಸಾಕು, ಮೀರದಿದ್ದರೆ ಸಾವಿರವೂ ಸಾಲದು. ಗುಂಪುಗೂಡಿ ಸುಳ್ಳು ರಿಪೋರ್ಟ್ ಮಾಡುವುದೇ ನಿಯಮ ಉಲ್ಲಂಘನೆ. 2021ರ ಡಿಸೆಂಬರ್‌ನಲ್ಲಿ ಮೆಟಾ ವಿಯೆಟ್ನಾಂನ ಇಂಥದೊಂದು ಜಾಲವನ್ನು ತೆಗೆದುಹಾಕಿತು. ಸರ್ಕಾರವನ್ನು ಟೀಕಿಸುವವರ ಬಾಯಿ ಮುಚ್ಚಿಸಲು ಅವರು ರಾಶಿ ರಾಶಿ ರಿಪೋರ್ಟ್ ಹಾಕುತ್ತಿದ್ದರು. ಕೆಲವರಂತೂ ಟೀಕಾಕಾರರ ಹೆಸರಿನಲ್ಲೇ ನಕಲಿ ಖಾತೆ ತೆರೆದು, ಅಸಲಿ ಖಾತೆಯನ್ನೇ ನಕಲಿ ಎಂದು ದೂರುತ್ತಿದ್ದರು.

ಪರದೆಯ ಆಚೆ ಕೂತವರು

ಸರದಿಯ ಆ ತುದಿಯಲ್ಲಿ ಕೂತಿರುವವರು ಕ್ಯಾಲಿಫೋರ್ನಿಯಾದಲ್ಲೇ ಇರಬೇಕೆಂದಿಲ್ಲ. ಕಂಪನಿಗಳು ಈ ಕೆಲಸದ ದೊಡ್ಡ ಭಾಗವನ್ನು ಗುತ್ತಿಗೆ ಸಂಸ್ಥೆಗಳಿಗೆ ವಹಿಸುತ್ತವೆ. ಫೇಸ್‌ಬುಕ್‌ನ ಪೋಸ್ಟ್‌ಗಳನ್ನು ಪರಿಶೀಲಿಸುವ ಹೈದರಾಬಾದಿನ ಜೆನ್‌ಪ್ಯಾಕ್ಟ್ ಕಚೇರಿಯ ನೌಕರರನ್ನು ಮಾತಾಡಿಸಿ ರಾಯ್ಟರ್ಸ್ ಸುದ್ದಿಸಂಸ್ಥೆ 2019ರಲ್ಲಿ ವರದಿ ಮಾಡಿತ್ತು. ಕಡಿಮೆ ಸಂಬಳ, ದಿನಕ್ಕಿಷ್ಟು ಮುಗಿಸಲೇಬೇಕೆಂಬ ಒತ್ತಡ, ಕಣ್ಣಿಂದ ಅಳಿಸಲಾಗದ ದೃಶ್ಯಗಳು ಅವರ ಮಾತಿನಲ್ಲಿ ಬಂದವು. ಅಮೆರಿಕದಲ್ಲಿ ಇದೇ ಕೆಲಸ ಮಾಡಿ ಮಾನಸಿಕ ಆಘಾತಕ್ಕೆ ಒಳಗಾದವರು ಹೂಡಿದ ಮೊಕದ್ದಮೆಯಲ್ಲಿ ಫೇಸ್‌ಬುಕ್ 2020ರಲ್ಲಿ 5.2 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು.

2024ರ ಲೋಕಸಭಾ ಚುನಾವಣೆಗೆ ಮುನ್ನ ಮೆಟಾ ಕೊಟ್ಟ ಮಾಹಿತಿಯಂತೆ ಅದರ ಪರಿಶೀಲಕರು ಸುಮಾರು 15,000 ಮಂದಿ. ಅವರು 70ಕ್ಕೂ ಹೆಚ್ಚು ಭಾಷೆಗಳಲ್ಲಿ ಕೆಲಸ ಮಾಡುತ್ತಾರೆ, ಅದರಲ್ಲಿ ಭಾರತದ ಭಾಷೆಗಳು 20. ಕೇಳಲು ದೊಡ್ಡ ಸಂಖ್ಯೆಯೇ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಬಳಸುವವರು ಕೋಟಿಗಳ ಲೆಕ್ಕದಲ್ಲಿರುವಾಗ ಆ 15,000 ಜನರಲ್ಲಿ ಒಬ್ಬೊಬ್ಬರ ಪಾಲಿಗೆ ಬೀಳುವ ಹೊರೆಯನ್ನು ಯಾರಾದರೂ ಊಹಿಸಬಹುದು. ಆ ಹೊರೆಯಲ್ಲಿ ಒಂದು ಪೋಸ್ಟಿಗೆ ಸಿಗುವ ಗಮನ ಚಿಕ್ಕದು. ಅಷ್ಟರಲ್ಲೇ ಮಾತಿನ ಹಿನ್ನೆಲೆ, ಸ್ಥಳೀಯ ರಾಜಕೀಯ, ಬೈಗುಳವೋ ತಮಾಷೆಯೋ ಎಂಬ ವ್ಯತ್ಯಾಸ ಎಲ್ಲವನ್ನೂ ಗ್ರಹಿಸಬೇಕು. ತಪ್ಪುಗಳು ಹುಟ್ಟುವುದು ಇಲ್ಲಿ.

ಪಂಜಾಬಿ ಪೋಸ್ಟೊಂದರ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಇಲ್ಲಿ ತಪ್ಪು ಮೊದಲ ಪ್ರಕರಣಕ್ಕೆ ತೀರ ವಿರುದ್ಧವಾದ ದಿಕ್ಕಿನಲ್ಲಿ ಆಯಿತು. 2020ರ ನವೆಂಬರ್‌ನಲ್ಲಿ ಒಬ್ಬರು ಪಂಜಾಬಿ ವಾಹಿನಿಯೊಂದರ 17 ನಿಮಿಷದ ಸಂದರ್ಶನವನ್ನು ಹಂಚಿಕೊಂಡು, ಆರೆಸ್ಸೆಸ್ ಮತ್ತು ಪ್ರಧಾನಿಯನ್ನು ಟೀಕಿಸಿ ನಾಲ್ಕು ಮಾತು ಬರೆದರು. ಅದನ್ನು ನೋಡಿದ್ದು 500ಕ್ಕಿಂತ ಕಡಿಮೆ ಸಲ. ರಿಪೋರ್ಟ್ ಮಾಡಿದ್ದು ಒಬ್ಬರೇ. ಪರಿಶೀಲಕರೊಬ್ಬರು ಅದನ್ನು ನೋಡಿ, ಅಪಾಯಕಾರಿ ವ್ಯಕ್ತಿಗಳು ಮತ್ತು ಸಂಘಟನೆಗಳ ಕುರಿತ ನಿಯಮದಡಿ ತೆಗೆದರು. ಅದರ ಬೆನ್ನಿಗೇ ಆ ಬಳಕೆದಾರರ ಖಾತೆಯ ಮೇಲೂ ತಾನಾಗಿಯೇ ನಿರ್ಬಂಧ ಬಿತ್ತು. ಅವರು ಮೇಲ್ಮನವಿ ಸಲ್ಲಿಸಿದಾಗ, ಕೋವಿಡ್‌ನಿಂದ ಪರಿಶೀಲಕರ ಸಂಖ್ಯೆ ಕಡಿಮೆಯಿದೆ, ನೋಡಲಾಗದು ಎಂಬ ಉತ್ತರ ಬಂತು.

ಇದೂ ಓವರ್‌ಸೈಟ್ ಬೋರ್ಡ್ ಮುಂದೆ ಬಂದ ಮೇಲೆಯೇ ಕಂಪನಿ ತನ್ನ ತಪ್ಪನ್ನು ಒಪ್ಪಿ ಪೋಸ್ಟನ್ನು ಮರಳಿ ಹಾಕಿತು. 2021ರ ಏಪ್ರಿಲ್‌ನ ತೀರ್ಪಿನಲ್ಲಿ ಮಂಡಳಿ ಕಂಡ ಮತ್ತೊಂದು ಲೋಪ ಕನ್ನಡದಂಥ ಭಾಷೆಗಳ ಓದುಗರಿಗೂ ಮುಖ್ಯವಾದದ್ದು. ಭಾರತದಲ್ಲಿ ಕೋಟ್ಯಂತರ ಜನ ಆಡುವ ಪಂಜಾಬಿಯಲ್ಲಿ ಆಗ ಫೇಸ್‌ಬುಕ್‌ನ ನಿಯಮಾವಳಿಯೇ ಇರಲಿಲ್ಲ. ಯಾವ ನಿಯಮ ಮುರಿದೆ ಎಂದು ತನ್ನ ಭಾಷೆಯಲ್ಲಿ ಓದಲಾಗದವರಿಗೆ ಶಿಕ್ಷೆ ಮಾತ್ರ ತಲುಪಿತ್ತು. ನಿಯಮಗಳನ್ನು ಪಂಜಾಬಿಗೆ ಅನುವಾದಿಸಿ ಎಂದು ಮಂಡಳಿ ಸೂಚಿಸಿತು.

ತಪ್ಪುಗಳ ಪ್ರಮಾಣವನ್ನು ಕಂಪನಿಯೇ ಒಮ್ಮೆ ಬಾಯಿಬಿಟ್ಟು ಹೇಳಿದೆ. 2024ರ ಡಿಸೆಂಬರ್‌ನಲ್ಲಿ ದಿನಕ್ಕೆ ಲಕ್ಷಗಟ್ಟಲೆ ಪೋಸ್ಟ್‌ಗಳನ್ನು ತೆಗೆದಿದ್ದು, ಅಂಥ ಪ್ರತಿ ಹತ್ತು ಕ್ರಮಗಳಲ್ಲಿ ಒಂದೆರಡು ತಪ್ಪಾಗಿರಬಹುದೆಂದು ಮೆಟಾ 2025ರ ಜನವರಿಯಲ್ಲಿ ಅಂದಾಜಿಸಿತು. ಅದೇ ಪ್ರಕಟಣೆಯಲ್ಲಿ ಇನ್ನೊಂದು ಬದಲಾವಣೆಯನ್ನೂ ತಿಳಿಸಿತು: ಅಷ್ಟೇನೂ ಗಂಭೀರವಲ್ಲದ ಉಲ್ಲಂಘನೆಗಳನ್ನು ತಂತ್ರಾಂಶ ಇನ್ನು ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ, ಯಾರಾದರೂ ರಿಪೋರ್ಟ್ ಮಾಡಿದರೆ ಮಾತ್ರ ಕ್ರಮ. ಅಲ್ಲಿಗೆ ಬೈಗುಳ, ಅವಮಾನದಂಥ ದಿನನಿತ್ಯದ ಕಿರುಕುಳದ ವಿಷಯದಲ್ಲಿ ಸಾಮಾನ್ಯ ಬಳಕೆದಾರರ ರಿಪೋರ್ಟಿನ ಮೇಲಿನ ಅವಲಂಬನೆ ಮೊದಲಿಗಿಂತ ಹೆಚ್ಚಾಯಿತು.

ಏನೇನಾಗಬಹುದು

ಪರಿಶೀಲನೆ ಮುಗಿದ ಮೇಲೆ ಉಳಿಸು, ಅಳಿಸು ಎಂಬ ಎರಡೇ ದಾರಿಗಳಿರುವುದಿಲ್ಲ. ರಕ್ತ, ಹಿಂಸೆಯ ದೃಶ್ಯಕ್ಕೆ ಸುದ್ದಿಯ ಮೌಲ್ಯವಿದ್ದರೆ ಅದರ ಮೇಲೆ ಎಚ್ಚರಿಕೆಯ ಪರದೆ ಎಳೆಯುತ್ತಾರೆ. ಕೆಲವನ್ನು 18 ವರ್ಷ ತುಂಬದವರಿಗೆ ಕಾಣದಂತೆ ಮಾಡುತ್ತಾರೆ. ಕೆಲವು ಪೋಸ್ಟ್‌ಗಳು ಉಳಿದರೂ ಬೇರೆಯವರ ಫೀಡಿನಲ್ಲಿ ಕೆಳಕ್ಕೆ ಜಾರಿ, ಕಡಿಮೆ ಜನರಿಗೆ ಕಾಣುತ್ತವೆ. ಒಂದು ದೇಶದ ಕಾನೂನಿಗೆ ಮಾತ್ರ ವಿರುದ್ಧವಾಗಿದ್ದು ಕಂಪನಿಯ ನಿಯಮ ಮೀರದಿದ್ದರೆ ಆ ದೇಶದಲ್ಲಷ್ಟೇ ಮರೆಯಾಗುತ್ತದೆ. ಮಂಗಳೂರಿನಲ್ಲಿ ಕಾಣದ ಪೋಸ್ಟ್ ದುಬೈಯಲ್ಲಿ ಕಾಣುವುದು ಹೀಗೆ.

ಪೋಸ್ಟ್ ಹೋದರೆ ಅದನ್ನು ಹಾಕಿದವರ ಲೆಕ್ಕಕ್ಕೆ ಸಾಮಾನ್ಯವಾಗಿ ಒಂದು ‘ಸ್ಟ್ರೈಕ್’ ಸೇರುತ್ತದೆ. ಯೂಟ್ಯೂಬ್‌ನಲ್ಲಿ ಮೊದಲ ತಪ್ಪಿಗೆ ಎಚ್ಚರಿಕೆ. ಆಮೇಲಿನ ಮೊದಲ ಸ್ಟ್ರೈಕ್‌ಗೆ ಒಂದು ವಾರ, ಎರಡನೆಯದಕ್ಕೆ ಎರಡು ವಾರ ಹೊಸ ವಿಡಿಯೋ ಹಾಕುವಂತಿಲ್ಲ. 90 ದಿನಗಳೊಳಗೆ ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ಹೋಗುತ್ತದೆ. ಮಕ್ಕಳ ಲೈಂಗಿಕ ಶೋಷಣೆಯಂಥ ಅಪರಾಧಗಳಲ್ಲಿ ಈ ಎಣಿಕೆ ಇರುವುದಿಲ್ಲ, ಖಾತೆ ನೇರವಾಗಿ ಮುಚ್ಚುತ್ತದೆ.

ಒಂದು ಬಗೆಯ ರಿಪೋರ್ಟ್ ಮಾತ್ರ ಯಾರನ್ನೂ ದಂಡಿಸುವುದಕ್ಕಲ್ಲ. ಸಾಯುವ ಮಾತಾಡುತ್ತಿರುವ ಗೆಳೆಯರ ಪೋಸ್ಟನ್ನು ‘ಸ್ವಯಂ ಹಾನಿ’ ಎಂದು ಗುರುತಿಸಿದರೆ ಅದು ಸರದಿಯಲ್ಲಿ ಮುಂದೆ ಬರುತ್ತದೆ. ಆ ವ್ಯಕ್ತಿಗೆ ಹೋಗುವುದು ಎಚ್ಚರಿಕೆಯಲ್ಲ, ಸಹಾಯವಾಣಿಯ ವಿವರ ಮತ್ತು ಯಾರೊಂದಿಗಾದರೂ ಮಾತಾಡಿ ಎಂಬ ಸಲಹೆ. ಇನ್‌ಸ್ಟಾಗ್ರಾಮ್ 2016ರಲ್ಲಿ ಇದನ್ನು ಜಾರಿಗೆ ತಂದಾಗಿನ ಸಂದೇಶದಲ್ಲಿ, ನಿಮ್ಮ ಪೋಸ್ಟ್ ನೋಡಿದ ಯಾರೋ ಒಬ್ಬರು ನಿಮಗೆ ಕಷ್ಟದ ಸಮಯವಿರಬಹುದೆಂದು ಭಾವಿಸಿದ್ದಾರೆ ಎಂಬ ಮಾತಿತ್ತು. ಯಾರೋ ರಿಪೋರ್ಟ್ ಮಾಡಿದ್ದಾರೆ ಎಂಬುದು ಹೀಗೆ ಆ ವ್ಯಕ್ತಿಗೆ ತಿಳಿಯುತ್ತದೆ. ಯಾರು ಎಂಬುದು ತಿಳಿಯುವುದಿಲ್ಲ.

ಹೆಸರು ಗೊತ್ತಾಗುವುದು ಯಾವಾಗ

ಮೇಲಧಿಕಾರಿಯ ಪೋಸ್ಟ್, ನೆಂಟರ ವಿಡಿಯೋ, ಊರಿನ ಪ್ರಭಾವಿಗಳ ಬೆದರಿಕೆ. ಇಂಥವನ್ನು ರಿಪೋರ್ಟ್ ಮಾಡುವಾಗ ಬೆರಳು ಹಿಂಜರಿಯುವುದು ಸಹಜ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಮೂರೂ ಈ ವಿಷಯದಲ್ಲಿ ಸ್ಪಷ್ಟ: ರಿಪೋರ್ಟ್ ಮಾಡಿದವರ ಹೆಸರನ್ನು ಆ ಕಡೆಯವರಿಗೆ ತಿಳಿಸುವುದಿಲ್ಲ. ಪೋಸ್ಟ್ ತೆಗೆದರೆ ಅವರಿಗೆ ಹೋಗುವ ಸೂಚನೆಯಲ್ಲಿ ಯಾವ ನಿಯಮ ಮುರಿಯಿತು, ಮೇಲ್ಮನವಿ ಹೇಗೆ ಎಂಬ ವಿವರ ಇರುತ್ತದೆ.

ವಾಟ್ಸಾಪ್‌ನಲ್ಲಿ ಸಂದೇಶಗಳು ಗೂಢಲಿಪಿಯಲ್ಲಿ ಹೋಗುವುದರಿಂದ ಕಂಪನಿಗೆ ಅವು ಕಾಣುವುದಿಲ್ಲ. ಹಾಗಾಗಿ ಅಲ್ಲಿ ಯಾರನ್ನಾದರೂ ರಿಪೋರ್ಟ್ ಮಾಡಿದಾಗ ಅವರಿಂದ ಬಂದ ಕೊನೆಯ ಐದು ಸಂದೇಶಗಳ ನಕಲು, ರಿಪೋರ್ಟ್ ಮಾಡಿದವರ ಫೋನಿನಿಂದ ಕಂಪನಿಗೆ ಹೋಗುತ್ತದೆ. ಆ ಕಡೆಯವರಿಗೆ ಸೂಚನೆ ಹೋಗುವುದಿಲ್ಲ.

ಹೆಸರು ಹೊರಬೀಳುವ ಮುಖ್ಯ ಸಂದರ್ಭ ಹಕ್ಕುಸ್ವಾಮ್ಯದ್ದು. ಛಾಯಾಗ್ರಾಹಕರು ತಮ್ಮ ಫೋಟೋವನ್ನು ಬೇರೆಯವರು ಕದ್ದು ಹಾಕಿದ್ದಾರೆಂದೋ, ಗಾಯಕರು ತಮ್ಮ ಹಾಡನ್ನು ಅನುಮತಿಯಿಲ್ಲದೆ ಬಳಸಿದ್ದಾರೆಂದೋ ದೂರು ಕೊಟ್ಟರೆ, ಅದು ಕಾನೂನಿನ ಹಕ್ಕುಸಾಧನೆಯಾಗುತ್ತದೆ. ದೂರುದಾರರ ಹೆಸರು, ಇಮೇಲ್ ವಿಳಾಸ ಆ ಕಡೆಯವರಿಗೆ ಸಿಗಬಹುದು, ಏಕೆಂದರೆ ಅವರೂ ಪ್ರತಿವಾದ ಹೂಡಬೇಕಲ್ಲ. ಇಂಥ ದೂರು ಕೊಡುವವರು ಸ್ವಂತ ಇಮೇಲ್ ಬದಲು ಅದಕ್ಕೆಂದೇ ಬೇರೊಂದು ವಿಳಾಸ ಬಳಸುವುದು ಲೇಸು.

ಫೇಸ್‌ಬುಕ್ ಗುಂಪುಗಳಲ್ಲಿ ಇನ್ನೊಂದು ಗೊಂದಲವಿದೆ. ಅಲ್ಲಿ ‘ಅಡ್ಮಿನ್‌ಗೆ ರಿಪೋರ್ಟ್ ಮಾಡಿ’ ಎಂಬ ಪ್ರತ್ಯೇಕ ದಾರಿಯೂ ಇರುತ್ತದೆ. ಅದು ಹೋಗುವುದು ಕಂಪನಿಗಲ್ಲ, ಗುಂಪು ನಡೆಸುವವರಿಗೆ. ಅವರು ಅದೇ ಬಡಾವಣೆಯವರೋ, ಪೋಸ್ಟ್ ಹಾಕಿದವರ ಗೆಳೆಯರೋ ಆಗಿರಬಹುದು. ಗುಟ್ಟು ಮುಖ್ಯವಾದಲ್ಲಿ ಕಂಪನಿಗೆ ಹೋಗುವ ದಾರಿಯನ್ನೇ ಆರಿಸಬೇಕು.

ಕಂಪನಿ ಬಾಯಿಬಿಡದಿದ್ದರೂ ಊಹೆಗೆ ಬಾಗಿಲು ಮುಚ್ಚುವುದಿಲ್ಲ. ಹತ್ತೇ ಜನಕ್ಕೆ ಕಾಣುವ ಸ್ಟೋರಿ ಮಾಯವಾದರೆ ಆ ಹತ್ತು ಜನರ ಮೇಲೆ ಕಣ್ಣು ಬೀಳುತ್ತದೆ. ಕಾಮೆಂಟಿನಲ್ಲಿ ಜಗಳವಾಡಿ ಮರುಗಳಿಗೆಯೇ ರಿಪೋರ್ಟ್ ಮಾಡಿದರೂ ಹಾಗೆಯೇ. ಅಪಾಯವಿದ್ದಲ್ಲಿ ಪೋಸ್ಟಿನ ಕೆಳಗೆ ಏನೂ ಬರೆಯದೆ, ಮೊದಲು ಸ್ಕ್ರೀನ್‌ಶಾಟ್ ಮತ್ತು ಲಿಂಕ್ ತೆಗೆದಿಟ್ಟುಕೊಂಡು ಆಮೇಲೆ ರಿಪೋರ್ಟ್ ಮಾಡುವುದು ಸುರಕ್ಷಿತ.

ಜರ್ಮನಿ, ನೆದರ್‌ಲೆಂಡ್ಸ್, ಐರ್ಲೆಂಡ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದೇ ಆ್ಯಪ್‌ಗಳಲ್ಲಿ ಇನ್ನೊಂದು ದಾರಿಯೂ ಕಾಣುತ್ತದೆ. ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆಯಡಿ, ಕಂಪನಿಯ ನಿಯಮ ಮೀರಿದೆ ಎನ್ನುವುದು ಒಂದು, ಕಾನೂನುಬಾಹಿರ ಎನ್ನುವುದು ಇನ್ನೊಂದು. ಎರಡನೆಯದರಲ್ಲಿ ದೂರುದಾರರು ಸಾಮಾನ್ಯವಾಗಿ ಹೆಸರು, ಇಮೇಲ್ ಕೊಡಬೇಕು. ಮಕ್ಕಳ ಲೈಂಗಿಕ ಶೋಷಣೆಯ ದೂರಿಗೆ ವಿನಾಯಿತಿಯಿದೆ. ಆ ಹೆಸರನ್ನು ಆ ಕಡೆಯವರಿಗೆ ತಿಳಿಸುವುದು ತೀರ ಅನಿವಾರ್ಯವಾದಾಗ ಮಾತ್ರ ಎಂದು ಕಾಯ್ದೆ ಹೇಳುತ್ತದೆ.

ಭಾರತದಲ್ಲಿರುವ ಇನ್ನೊಂದು ಬಾಗಿಲು

ಮೂರು ಚುಕ್ಕಿಯ ದಾರಿಯಲ್ಲಿ ಕೆಲಸವಾಗದಿದ್ದರೆ ಭಾರತದಲ್ಲಿರುವವರಿಗೆ ಕಾನೂನಿನ ಬಲವಿರುವ ದಾರಿಯೊಂದಿದೆ, ಮತ್ತು ಅದನ್ನು ಬಳಸುವವರು ಕಡಿಮೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಪ್ರತಿ ಸಾಮಾಜಿಕ ಜಾಲತಾಣವೂ ಭಾರತದಲ್ಲೇ ವಾಸಿಸುವ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಅವರ ಹೆಸರು, ದೂರು ಕೊಡುವ ವಿಧಾನ ಪ್ರಕಟವಾಗಿರಬೇಕು. ದೂರು ಬಂದ 24 ಗಂಟೆಯೊಳಗೆ ಸ್ವೀಕರಿಸಿದ್ದೇವೆಂದು ತಿಳಿಸಬೇಕು. ಇತ್ಯರ್ಥಕ್ಕೆ ಮೊದಲು ಕೊಟ್ಟಿದ್ದ ಕಾಲಾವಕಾಶ 15 ದಿನ, ಆನಂತರದ ತಿದ್ದುಪಡಿಗಳು ಗಡುವುಗಳನ್ನು ಬಿಗಿಗೊಳಿಸಿವೆ.

ಖಾಸಗಿ ಅಂಗ ತೋರುವ, ನಗ್ನತೆಯ, ಲೈಂಗಿಕ ಕ್ರಿಯೆಯ ಚಿತ್ರಗಳಿಗೆ ಮತ್ತು ತಿದ್ದಿದ ಚಿತ್ರಗಳ ಮೂಲಕ ಬೇರೆಯವರ ಸೋಗು ಹಾಕುವುದಕ್ಕೆ ಅದೇ ನಿಯಮಗಳಲ್ಲಿ ವಿಶೇಷ ಅವಕಾಶವಿದೆ. ನೊಂದವರೋ ಅವರ ಪರವಾಗಿ ಬೇರೊಬ್ಬರೋ ದೂರು ಕೊಟ್ಟರೆ 24 ಗಂಟೆಯೊಳಗೆ ಅದನ್ನು ತೆಗೆಯಲು ಕ್ರಮ ಕೈಗೊಳ್ಳಬೇಕೆಂದು 2021ರ ನಿಯಮವೇ ಹೇಳಿತ್ತು. 48 ಗಂಟೆ ಕಾದು ಮುಚ್ಚಿಹೋದ ಆ ರಿಪೋರ್ಟ್‌ಗೂ ಇದಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ. ಅದು ದಾರಿಹೋಕರೊಬ್ಬರು ಕಂಪನಿಯ ನಿಯಮದಡಿ ಮಾಡಿದ ರಿಪೋರ್ಟ್, ಇದು ನೊಂದವರು ದೇಶದ ಕಾನೂನಿನಡಿ ಕೊಡುವ ದೂರು. 2023ರ ನವೆಂಬರ್‌ನಲ್ಲಿ ಕೊಡಗು ಮೂಲದ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ವಿಡಿಯೋಗೆ ಅಂಟಿಸಿ ಹರಿಬಿಟ್ಟಾಗ ಕೇಂದ್ರ ಸರ್ಕಾರ ಕಂಪನಿಗಳಿಗೆ ನೆನಪಿಸಿದ್ದು ಇದೇ ನಿಯಮಗಳನ್ನು. ಆ ವಿಡಿಯೋ ಮಾಡಿದ ಆರೋಪದ ಮೇಲೆ ದೆಹಲಿ ಪೊಲೀಸರು 2024ರ ಜನವರಿಯಲ್ಲಿ ಒಬ್ಬನನ್ನು ಬಂಧಿಸಿದರು.

ಚಿತ್ರ ಇನ್ನೂ ಹರಡುವ ಭಯವಿರುವವರಿಗೆ ಇನ್ನೊಂದು ಸಾಧನ StopNCII.org. ಬ್ರಿಟನ್ನಿನ ಸಹಾಯವಾಣಿಯೊಂದು 2021ರಲ್ಲಿ ಆರಂಭಿಸಿದ ಈ ಸೇವೆಯಲ್ಲಿ ಚಿತ್ರವನ್ನು ಯಾರಿಗೂ ಕಳಿಸಬೇಕಿಲ್ಲ. ಅದರ ಹ್ಯಾಶ್ ನೊಂದವರ ಫೋನಿನಲ್ಲೇ ತಯಾರಾಗಿ, ಆ ಅಂಕಿಸಾಲು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮುಂತಾದ ಕಂಪನಿಗಳಿಗೆ ಹೋಗುತ್ತದೆ. 18 ದಾಟಿದವರಿಗೆ ಇದು, ಅದಕ್ಕಿಂತ ಚಿಕ್ಕವರಿಗೆ ಅಮೆರಿಕದ ಸಂಸ್ಥೆಯೊಂದು ನಡೆಸುವ ‘ಟೇಕ್ ಇಟ್ ಡೌನ್’ ಎಂಬ ಇದೇ ಬಗೆಯ ಸೇವೆಯಿದೆ.

ಕಂಪನಿ ಪೋಸ್ಟನ್ನು ತೆಗೆದರೆ ಅಪರಾಧದ ತನಿಖೆ ಆದಂತಲ್ಲ. ಹಣ ಕೇಳಿ ಬೆದರಿಸಿದ್ದರೆ, ಕೊಲ್ಲುವ ಮಾತಾಡಿದ್ದರೆ cybercrime.gov.in ತಾಣದಲ್ಲೋ ಹತ್ತಿರದ ಠಾಣೆಯಲ್ಲೋ ದೂರು ಕೊಡಬೇಕು. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಪೋಸ್ಟ್ ಹೋಯಿತು, ಸಾಕ್ಷಿಯೂ ಹೋಯಿತು ಎಂದು ಕೈಚೆಲ್ಲಬೇಕಿಲ್ಲ. ನಿಯಮದಡಿ ತೆಗೆದ ಪೋಸ್ಟಿನ ದಾಖಲೆಯನ್ನು ಕಂಪನಿ ತನಿಖೆಗಾಗಿ 180 ದಿನ ಕಾಪಾಡಿಡಬೇಕು. ಪೊಲೀಸರು ಕೇಳುವಾಗ ಪೋಸ್ಟಿನ ನಿಖರವಾದ ಲಿಂಕ್ ದೂರುದಾರರ ಬಳಿ ಇದ್ದರೆ ಹುಡುಕಾಟ ಸುಲಭವಾಗುತ್ತದೆ, ಸ್ಕ್ರೀನ್‌ಶಾಟ್ ಒಂದರಿಂದಲೇ ಖಾತೆಯನ್ನು ಪತ್ತೆ ಹಚ್ಚುವುದು ಕಷ್ಟ.

ಕುಂದುಕೊರತೆ ಅಧಿಕಾರಿಯ ತೀರ್ಮಾನವೂ ಸಮಾಧಾನ ತರದಿದ್ದರೆ ಮೇಲ್ಮನವಿ ಹೋಗುವುದು ಕಂಪನಿಯ ಹೊರಗೆ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಮೂರು ಕುಂದುಕೊರತೆ ಮೇಲ್ಮನವಿ ಸಮಿತಿಗಳನ್ನು ರಚಿಸಿತು, ಅದೇ ಮಾರ್ಚ್‌ನಿಂದ ಅವು gac.gov.in ತಾಣದಲ್ಲಿ ಅರ್ಜಿ ಸ್ವೀಕರಿಸುತ್ತಿವೆ. ಪೋಸ್ಟ್ ತೆಗೆಯದೆ ಬಿಟ್ಟವರ ವಿರುದ್ಧವೂ ಹೋಗಬಹುದು, ಅನ್ಯಾಯವಾಗಿ ತೆಗೆದವರ ವಿರುದ್ಧವೂ ಹೋಗಬಹುದು. ಇಡೀ ವಿಚಾರಣೆ ಆನ್‌ಲೈನ್‌ನಲ್ಲೇ ನಡೆಯುತ್ತದೆ. ಕೋರ್ಟಿಗೆ ಅಲೆಯಬೇಕಿಲ್ಲ, ವಕೀಲರನ್ನು ಹಿಡಿಯಬೇಕಿಲ್ಲ. 30 ದಿನಗಳೊಳಗೆ ಇತ್ಯರ್ಥಗೊಳಿಸಲು ಸಮಿತಿ ಪ್ರಯತ್ನಿಸಬೇಕೆಂದು ನಿಯಮ ಹೇಳುತ್ತದೆ.

ಆದರೆ ಅರ್ಜಿ ಹಾಕುವವರಿಗೂ ಒಂದು ಗಡುವಿದೆ: ಅಧಿಕಾರಿಯ ಉತ್ತರ ಕೈಸೇರಿದ ದಿನದಿಂದ 30 ದಿನ. ಆ ಉತ್ತರ ಬರುವುದು ಹೆಚ್ಚಾಗಿ ಇಮೇಲ್‌ಗೆ, ಕೆಲವೊಮ್ಮೆ ಸ್ಪ್ಯಾಮ್ ಡಬ್ಬಿಗೆ. ಅದರಲ್ಲಿರುವ ದೂರು ಸಂಖ್ಯೆ, ತಾರೀಖು, ಪೋಸ್ಟಿನ ಲಿಂಕ್ ಮೂರನ್ನೂ ತೆಗೆದಿಟ್ಟುಕೊಂಡವರು ಮಾತ್ರ ಮುಂದಿನ ಮೆಟ್ಟಿಲು ಹತ್ತಲು ಸಾಧ್ಯ.